ಹೊಸ ಪಾಲಿಸಿದಾರರಿಗೆ ಸ್ವಾಗತ ಪತ್ರ: ಈ ಕರಡಿನಲ್ಲಿ ಏನು ತಪ್ಪಿದೆ ಹೇಳಿ

ಹೊಸಹಾಳೆ (ಮೂಲ ಪೋಸ್ಟ್)

ಮನೆ ಸಾಮಾನಿನ ವಿಮೆ ಮಾಡಿಸುವ ಏಜೆಂಟ್ ಕೆಲಸಕ್ಕೆ ಹೊಸದಾಗಿ ಸೇರಿದ್ದೇನೆ. ಪಾಲಿಸಿ ಪುಸ್ತಕ ದಪ್ಪಗಿರುತ್ತದೆ, ಅದನ್ನು ಬಿಡಿಸಿ ನೋಡುವವರು ಕಡಿಮೆ. ಹಾಗಾಗಿ ಪಾಲಿಸಿ ಕೈಸೇರಿದ ಕೂಡಲೇ ಮುಖ್ಯ ಷರತ್ತುಗಳು, ಕ್ಲೇಮ್ ಮಾಡುವ ಬಗೆ, ಎರಡೂ ಇರುವ ಒಂದು ಪುಟದ ಪತ್ರ ಕಳಿಸೋಣ ಅಂತಿದ್ದೇನೆ. ಕರಡು ಹೀಗಿದೆ. ಮುಲಾಜಿಲ್ಲದೆ ತಿದ್ದಿ.

"ಮಾನ್ಯರೇ, ನಮ್ಮ ವಿಮಾ ಕುಟುಂಬಕ್ಕೆ ಸ್ವಾಗತ. ನಿಮ್ಮ ಮನೆಯ ಸಾಮಾನುಗಳಿಗೆ ಈಗ 6 ಲಕ್ಷದವರೆಗೆ ಸಂಪೂರ್ಣ ರಕ್ಷಣೆ ಇದೆ. ಬೆಂಕಿ, ಕಳವು, ನೀರಿನಿಂದ ಆಗುವ ಹಾನಿ ಎಲ್ಲವೂ ಇದರಲ್ಲಿ ಸೇರಿವೆ. ಪ್ರತಿ ಕ್ಲೇಮಿನಲ್ಲಿ ಮೊದಲ 10 ಸಾವಿರ ನಿಮ್ಮ ಪಾಲು. ಏನೇ ತೊಂದರೆಯಾದರೂ ನನಗೊಂದು ಫೋನ್ ಮಾಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಷರತ್ತುಗಳು ಅನ್ವಯ."

ಮೌನಿ

ಮದುವೆ ಕರೆಯೋಲೆ ಥರ ಇದೆ.

ಕೆಂಪುಶಾಯಿ

ಇಷ್ಟು ಚಿಕ್ಕ ಪತ್ರದಲ್ಲಿ ಮೂರು ವಾಕ್ಯ ಅಪಾಯದವು. "6 ಲಕ್ಷದವರೆಗೆ ಸಂಪೂರ್ಣ ರಕ್ಷಣೆ" ಸುಳ್ಳಾಗಬಹುದು. "ನೀರಿನಿಂದ ಆಗುವ ಹಾನಿ ಎಲ್ಲವೂ" ಖಂಡಿತ ಸುಳ್ಳು. "ನನಗೊಂದು ಫೋನ್ ಮಾಡಿ" ಅನ್ನುವುದು ಒಳ್ಳೆಯ ಮನಸ್ಸಿನಿಂದ ಬಂದ ಮಾತೇ, ಆದರೆ ಗ್ರಾಹಕರ ಕ್ಲೇಮನ್ನೇ ಮುಳುಗಿಸಬಲ್ಲದು. ಕೊನೆಯ "ಷರತ್ತುಗಳು ಅನ್ವಯ" ಇದ್ಯಾವುದನ್ನೂ ಸರಿಮಾಡುವುದಿಲ್ಲ. ಮೇಲೆ ತಪ್ಪು ಹೇಳಿ ಕೆಳಗೆ ಎರಡು ಪದ ಅಂಟಿಸಿಬಿಟ್ಟರೆ ತಪ್ಪು ಮಾತು ನಿಜವಾಗಿಬಿಡುತ್ತದೆಯೇ?

ಗಾಳಿಮಾತು

ಅಯ್ಯೋ, ಅಷ್ಟೊಂದು ಯಾಕೆ ಹೆದರಿಸ್ತೀರಿ? 6 ಲಕ್ಷದ ಪಾಲಿಸಿ ಅಂದ್ರೆ 6 ಲಕ್ಷದೊಳಗೆ ಎಷ್ಟು ನಷ್ಟವಾದರೂ ಅಷ್ಟೂ ಕೊಡಬೇಕು. ಒಂದೂವರೆ ಲಕ್ಷ ಹಾಳಾದರೆ 10 ಸಾವಿರ ಕಳೆದು 1 ಲಕ್ಷ 40 ಸಾವಿರ. ಸರಳ ಲೆಕ್ಕ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಏಟು ಬೀಳೋದು ಮನೆ ಪೂರ್ತಿ ಸುಟ್ಟಾಗ ಮಾತ್ರ.

ಅಳತೆಪಟ್ಟಿ

@ಗಾಳಿಮಾತು ನೀವು ಹೇಳಿದ್ದು ನೇರ ಉಲ್ಟಾ. ಪೂರ್ತಿ ಸುಟ್ಟಾಗ ಹೇಗೂ 6 ಲಕ್ಷವೇ ಮಿತಿ, ಅಲ್ಲಿ ಹೊಸದಾಗಿ ಏಟು ಬೀಳುವುದೇನಿಲ್ಲ. ಏಟು ಬೀಳುವುದು ಸಣ್ಣ ನಷ್ಟಗಳಲ್ಲಿ, ಅದೂ ಜನ ನಿರೀಕ್ಷಿಸದೇ ಇದ್ದಾಗ. ಇದಕ್ಕೆ ಕಾರಣ ಪಾಲಿಸಿಯಲ್ಲಿರುವ "ಆವರೇಜ್" ಎಂಬ ಷರತ್ತು.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪತ್ರದಲ್ಲಿ ಬೇರೇನಿಲ್ಲದಿದ್ದರೂ ಇದು ಇರಲೇಬೇಕು. ಮನೆಯಲ್ಲಿರುವ ಸಾಮಾನನ್ನೆಲ್ಲ ಇವತ್ತು ಹೊಸದಾಗಿ ಕೊಳ್ಳಲು 10 ಲಕ್ಷ ಬೇಕು ಅಂದುಕೊಳ್ಳಿ. ಪ್ರೀಮಿಯಂ ಉಳಿಸಲು ಮಾಲೀಕರು 6 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದಾರೆ. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪ್ ರಾತ್ರಿ ಒಡೆದು ಫ್ರಿಜ್, ವಾಷಿಂಗ್ ಮೆಷಿನ್, ಸೋಫಾ, ಹಾಸಿಗೆ ಹಾಳಾದವು. ಹೊಸದರ ಬೆಲೆಯಲ್ಲಿ ನಷ್ಟ 1 ಲಕ್ಷ 50 ಸಾವಿರ. ವಿಮಾ ಕಂಪನಿಯ ಪ್ರಕಾರ ನೀವು ಹತ್ತರಲ್ಲಿ ಆರು ಪಾಲನ್ನು ಮಾತ್ರ ಅವರ ತಲೆಗೆ ಕಟ್ಟಿದ್ದೀರಿ, ಉಳಿದ ನಾಲ್ಕು ಪಾಲಿಗೆ ನೀವೇ ನಿಮ್ಮ ವಿಮಾದಾರರು. ಹಾಗಾಗಿ ಯಾವುದೇ ನಷ್ಟವಾಗಲಿ, ಅದರ ಹತ್ತರಲ್ಲಿ ಆರು ಪಾಲು ಮಾತ್ರ ಅವರದು. ಒಂದೂವರೆ ಲಕ್ಷದಲ್ಲಿ ಆರು ಪಾಲು ಎಂದರೆ 90 ಸಾವಿರ. ಅದರಲ್ಲಿ ನಿಮ್ಮ ಪಾಲಿನ ಮೊದಲ 10 ಸಾವಿರ, ಅಂದರೆ ಡಿಡಕ್ಟಿಬಲ್, ಕಳೆದರೆ ಕೈಗೆ ಬರುವುದು 80 ಸಾವಿರ. ನೀವು ಹೇಳಿದ 1 ಲಕ್ಷ 40 ಸಾವಿರ ಅಲ್ಲ.

ಈಗ ಮೂಲ ಪತ್ರದ "6 ಲಕ್ಷದವರೆಗೆ ಸಂಪೂರ್ಣ ರಕ್ಷಣೆ" ಎಂಬ ಸಾಲನ್ನು ಆ ಗ್ರಾಹಕರು ಏಜೆಂಟ್ ಮುಂದೆ ಹಿಡಿದರೆ ಏನು ಉತ್ತರ?

ಹೊಸಹಾಳೆ

ಬೆವರು ಬಂತು. ತರಬೇತಿಯಲ್ಲಿ ಆವರೇಜ್ ಬಗ್ಗೆ ಒಂದು ಸ್ಲೈಡ್ ಇತ್ತು, ಆದರೆ ಕಾರ್ಖಾನೆ, ಗೋದಾಮಿನ ಉದಾಹರಣೆ ಕೊಟ್ಟಿದ್ದರು. ಮನೆಗೆ ಅನ್ವಯ ಆಗಲ್ಲ ಅಂದುಕೊಂಡಿದ್ದೆ.

ಕಡತಧೂಳು

ಅರ್ಧ ಸರಿ. ಮನೆ ಪಾಲಿಸಿಗಳಲ್ಲಿ ಕೆಲವು ಈ ಷರತ್ತನ್ನು ಪೂರ್ತಿ ಕೈಬಿಟ್ಟಿರುತ್ತವೆ. ಕೆಲವು ಸ್ವಲ್ಪ ಸಡಿಲ ಬಿಟ್ಟಿರುತ್ತವೆ, ಉದಾಹರಣೆಗೆ ಕೊರತೆ ಶೇ. 15ರೊಳಗಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು. ಇನ್ನು ಕೆಲವಲ್ಲಿ ಒಂದು ಪೈಸೆ ಕೊರತೆಗೂ ಬೀಳುತ್ತದೆ. ಆದ್ದರಿಂದ ಪತ್ರದಲ್ಲಿ ಎಲ್ಲರಿಗೂ ಒಂದೇ ವಾಕ್ಯ ಹಾಕಬೇಡಿ. ನಿಮ್ಮ ಕೈಯಲ್ಲಿರುವ ಪಾಲಿಸಿಯ ಷರತ್ತುಗಳ ಭಾಗದಲ್ಲಿ "ಆವರೇಜ್" ಅಥವಾ "ಅಂಡರ್ ಇನ್ಶೂರೆನ್ಸ್" ಹುಡುಕಿ. ಆಮೇಲೆ ಷೆಡ್ಯೂಲ್, ಅಂದರೆ ಗ್ರಾಹಕರ ಹೆಸರು, ವಿಮಾ ಮೊತ್ತ ಇರುವ ಪುಟ ನೋಡಿ, ಅಲ್ಲಿ ಅದನ್ನು ಮನ್ನಾ ಮಾಡಿದ ಒಂದು ಸಾಲು ಇರಬಹುದು. ಎರಡನ್ನೂ ನೋಡಿದ ಮೇಲೆ ಬರೆಯಿರಿ.

ದಾರಿಹೋಕ

ನಮಸ್ಕಾರ, ನನ್ನದೂ ಇದೇ ಸಮಸ್ಯೆ. ಕಾರಿನ ಮುಂದಿನ ಬಂಪರ್ ಬದಲಾಯಿಸಿದೆ, ಪ್ಲಾಸ್ಟಿಕ್ ಭಾಗ ಅಂತ ಅರ್ಧ ದುಡ್ಡೇ ಕೊಟ್ಟರು. ಅದೂ ಈ ಆವರೇಜ್ ಷರತ್ತಿನಿಂದಲೇ ಅಲ್ವಾ?

ಕಡತಧೂಳು

ಅಲ್ಲ, ಅದು ಸವಕಳಿ. ಬೇರೆ ರೋಗ, ಬೇರೆ ಔಷಧ. ಕಾರಿಗೆ ಬೇರೆ ಎಳೆ ತೆರೆಯಿರಿ ಸರ್.

ಗಾಳಿಮಾತು

ಸರಿ ಸರಿ, ಒಪ್ಪಿದೆ. ಆದರೆ ಸವಕಳಿ ಇಲ್ಲೂ ಬರುತ್ತಲ್ಲ? ಐದು ವರ್ಷದ ಫ್ರಿಜ್ಜಿಗೆ ಹೊಸ ಫ್ರಿಜ್ಜಿನ ದುಡ್ಡು ಯಾರು ಕೊಡ್ತಾರೆ? ಅಂದಮೇಲೆ ಹೋಲಿಸುವ ಮೌಲ್ಯ 10 ಲಕ್ಷ ಅಂತ ಅಳತೆಪಟ್ಟಿ ಎಲ್ಲಿಂದ ತಂದರು? ಹಳೆ ಸಾಮಾನಿಗೆ ಹಳೆ ಬೆಲೆ ಹಿಡಿದರೆ 6 ಲಕ್ಷವೇ ಸರಿಹೋಗಬಹುದು.

ಅಳತೆಪಟ್ಟಿ

ಈ ಸಲ ಒಳ್ಳೆಯ ಪ್ರಶ್ನೆ. ಪಾಲಿಸಿ ಯಾವ ಆಧಾರದ ಮೇಲೆ ಹಣ ಕೊಡುತ್ತದೆಯೋ ಅದೇ ಆಧಾರದ ಮೇಲೆ ಒಟ್ಟು ಮೌಲ್ಯವನ್ನೂ ಅಳೆಯಬೇಕು. ಹೊಸದರ ಬೆಲೆ ಕೊಡುವ ಪಾಲಿಸಿಯಾದರೆ ಒಟ್ಟು ಮೌಲ್ಯವೂ ಹೊಸದರ ಬೆಲೆಯದು, ಅಂದರೆ ನನ್ನ ಉದಾಹರಣೆಯ 10 ಲಕ್ಷ. ಸವಕಳಿ ಕಳೆದು ಕೊಡುವ ಪಾಲಿಸಿಯಾದರೆ ಒಟ್ಟು ಮೌಲ್ಯವೂ ಸವಕಳಿ ಕಳೆದದ್ದು. ಅದು 6 ಲಕ್ಷವೇ ಆದರೆ ಆವರೇಜ್ ಬೀಳುವುದಿಲ್ಲ, ನಿಮ್ಮ ಮಾತು ನಿಜ. ಆದರೆ ಆಗ ನಷ್ಟವೂ ಹಳೆಯ ಬೆಲೆಗೆ ಇಳಿಯುತ್ತದೆಯಲ್ಲ. ಅದೇ ಫ್ರಿಜ್, ಮೆಷಿನ್, ಸೋಫಾ, ಹಾಸಿಗೆ ಸೇರಿ 85 ಸಾವಿರ ಆಯಿತು ಎನ್ನಿ. 10 ಸಾವಿರ ಕಳೆದರೆ 75 ಸಾವಿರ. ಎಡಗೈಯಲ್ಲಿ ಕೊಟ್ಟದ್ದನ್ನು ಬಲಗೈಯಲ್ಲಿ ತೆಗೆದುಕೊಂಡ ಹಾಗೆ.

ಏಜೆಂಟರು ಎಡವುವುದು ಇಲ್ಲೇ. ಪಾಲಿಸಿ ಹೊಸದರ ಬೆಲೆಯದ್ದು ಎಂದು ಮಾರುತ್ತಾರೆ, ವಿಮಾ ಮೊತ್ತವನ್ನು ಮಾತ್ರ ಗ್ರಾಹಕರು ಸಾಮಾನು ಕೊಂಡಾಗಿನ ಬೆಲೆ ನೆನಪಿಸಿಕೊಂಡು ಹೇಳಿದಂತೆ ಬರೆದುಕೊಳ್ಳುತ್ತಾರೆ. ಕೊರತೆ ಮೊದಲ ದಿನವೇ ಹುಟ್ಟಿಬಿಟ್ಟಿರುತ್ತದೆ.

ಕೆಂಪುಶಾಯಿ

ಹಾಗಿದ್ದರೆ ಪತ್ರದ ಮೊದಲ ಷರತ್ತು ಹೀಗಿರಲಿ: "ನಿಮ್ಮ ಪಾಲಿಸಿ ಹಾಳಾದ ವಸ್ತುವಿಗೆ ಹೊಸದರ ಬೆಲೆ ಕೊಡುತ್ತದೆ. ಆದ್ದರಿಂದ ಮನೆಯ ಸಾಮಾನನ್ನೆಲ್ಲ ಇವತ್ತು ಹೊಸದಾಗಿ ಕೊಳ್ಳಲು ಎಷ್ಟು ಬೇಕೋ ಅಷ್ಟಕ್ಕೆ ವಿಮೆ ಇರಬೇಕು. ನೀವು ಆಯ್ದ ಮೊತ್ತ 6 ಲಕ್ಷ. ನಿಜವಾದ ಮೊತ್ತ ಇದಕ್ಕಿಂತ ಹೆಚ್ಚಿದ್ದರೆ ಸಣ್ಣ ನಷ್ಟಕ್ಕೂ ಪೂರ್ತಿ ಹಣ ಬರುವುದಿಲ್ಲ." ಅದರ ಕೆಳಗೆ ಅಳತೆಪಟ್ಟಿಯವರ ಪೈಪ್ ಲೆಕ್ಕ, ಎರಡೇ ಸಾಲಿನಲ್ಲಿ. ಗ್ರಾಹಕರು ಆ 80 ಸಾವಿರ ನೋಡಿದ ದಿನವೇ ಫೋನ್ ಮಾಡಿ ಮೊತ್ತ ಏರಿಸಿ ಅನ್ನುತ್ತಾರೆ. ಅಲ್ಲಿಗೆ ಪತ್ರ ತನ್ನ ಕೆಲಸ ಮಾಡಿತು.

ಬಾಡಿಗೆಮನೆ

ಕಟ್ಟಡಕ್ಕೂ ವಿಮೆ ಇರುವವರಿಗೆ ಇನ್ನೊಂದು ಬಲೆ ಇದೆ. ಮನೆ ಸಾಲ ಕೊಡುವವರು ಎಷ್ಟೋ ಸಲ ಸಾಲದ ಮೊತ್ತಕ್ಕೇ ವಿಮೆ ಮಾಡಿಸುತ್ತಾರೆ. ಸಾಲಕ್ಕೂ ಮನೆ ಮತ್ತೆ ಕಟ್ಟುವ ಖರ್ಚಿಗೂ ಸಂಬಂಧವೇ ಇಲ್ಲ. ಉಲ್ಟಾ ಕಡೆಯೂ ತಪ್ಪಾಗುತ್ತೆ: ಮಾರಾಟದ ಬೆಲೆಗೆ ಮಾಡಿಸಿದರೆ ಜಾಗದ ಬೆಲೆಯೂ ಸೇರಿಬಿಡುತ್ತೆ. ನೆಲ ಸುಡುವುದಿಲ್ಲ, ಅದಕ್ಕೆ ಪ್ರೀಮಿಯಂ ಕಟ್ಟಿದ್ದು ದಂಡ.

ಹಾಯಿದೋಣಿ

ವಿಷಯಾಂತರಕ್ಕೆ ಕ್ಷಮೆ ಇರಲಿ. ಈ "ಉಳಿದ ಪಾಲಿಗೆ ನೀವೇ ವಿಮಾದಾರರು" ಅನ್ನುವ ಮಾತು ಹಡಗಿನ ವಿಮೆಯಲ್ಲಿ ಬಹಳ ಹಳೆಯದು. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯ 81ನೇ ಸೆಕ್ಷನ್ ಹೆಚ್ಚು ಕಡಿಮೆ ಇದನ್ನೇ ಹೇಳುತ್ತದೆ. ಹಡಗಿನವರಿಗೆ ಇದು ಹೊಟ್ಟೆಪಾಡಿನ ಗಣಿತ, ಮನೆಯವರಿಗೆ ಮಾತ್ರ ಸಿಡಿಲು.

ಮೌನಿ

ಹಡಗು ಬಿಡಿ, ಪೈಪ್ ನೋಡಿ.

ನಲ್ಲಿಅಣ್ಣ

ಪೈಪ್ ವಿಷಯಕ್ಕೆ ನಾನು ಬಂದೆ. "ನೀರಿನಿಂದ ಆಗುವ ಹಾನಿ ಎಲ್ಲವೂ" ಅಂತ ಬರೆದಿದ್ದೀರಲ್ಲ, ಅದು ಹೋಗಬೇಕು. ಸಾಮಾನ್ಯವಾಗಿ ವಿಮೆ ಕೊಡುವುದು ಇದ್ದಕ್ಕಿದ್ದಂತೆ ಒಡೆದು ನುಗ್ಗಿದ ನೀರಿಗೆ. ತಿಂಗಳುಗಟ್ಟಲೆ ತೊಟ್ಟಿಕ್ಕಿ ಗೋಡೆ ನೆನೆದರೆ ಅದು ಸವೆತ, ನಿರ್ವಹಣೆಯ ತಪ್ಪು, ಕೊಡುವುದಿಲ್ಲ. ಇನ್ನೊಂದು ಮಾತು: ನೀರು ಹಾಳುಮಾಡಿದ ಸೋಫಾಗೆ ಹಣ ಬರಬಹುದು, ಆದರೆ ಸವೆದು ಒಡೆದ ಪೈಪಿನ ದುರಸ್ತಿಗೆ ಬರುವುದಿಲ್ಲ. ಜನಕ್ಕೆ ಈ ವ್ಯತ್ಯಾಸ ಗೊತ್ತೇ ಇರಲ್ಲ. ಪ್ಲಂಬರ್ ಬಿಲ್ಲನ್ನು ಮೇಲಿಟ್ಟು ಕಳಿಸ್ತಾರೆ.

ಗಾಳಿಮಾತು

ಅದಕ್ಕೇ ಏಜೆಂಟ್ ಪತ್ರದಲ್ಲೇ ಬುದ್ಧಿ ಹೇಳಬೇಕು: ಕ್ಲೇಮ್ ಫಾರಂನಲ್ಲಿ "ಮೊದಲು ಸ್ವಲ್ಪ ಸೋರುತ್ತಿತ್ತು" ಅಂತ ಯಾವತ್ತೂ ಬರೆಯಬೇಡಿ, "ಇದ್ದಕ್ಕಿದ್ದಂತೆ ಒಡೆಯಿತು" ಅಂತ ಬರೆಯಿರಿ. ಮುಗೀತು.

ಅಳತೆಪಟ್ಟಿ

ಇದನ್ನು ಪತ್ರದಲ್ಲಿ ಹಾಕಿದರೆ ಏಜೆಂಟ್ ಕೆಲಸ ಹೋಗುತ್ತದೆ, ಗ್ರಾಹಕರ ಕ್ಲೇಮ್ ಕೂಡ. ಸುಳ್ಳು ಹೇಳಿಕೆ ಸಿಕ್ಕರೆ ಒಂದು ಸೋಫಾದ ಹಣ ಅಲ್ಲ, ಇಡೀ ಕ್ಲೇಮನ್ನೇ ತಿರಸ್ಕರಿಸಲು ಪಾಲಿಸಿಯೇ ದಾರಿ ಕೊಡುತ್ತದೆ. ಮತ್ತೆ ಸಿಗುವುದಿಲ್ಲ ಎಂದುಕೊಳ್ಳಬೇಡಿ. ನಷ್ಟ ಅಳೆಯಲು ಬರುವ ಸರ್ವೇಯರ್ ಫಾರಂ ಓದುವ ಮೊದಲು ಗೋಡೆ ಓದುತ್ತಾನೆ. ಹಳೆಯ ಸೋರಿಕೆ ಇದ್ದ ಗೋಡೆಯಲ್ಲಿ ಕಲೆ ಒಂದರೊಳಗೊಂದು ಉಂಗುರದಂತೆ ಇರುತ್ತದೆ, ಪ್ಲಾಸ್ಟರ್ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ, ಕಪಾಟಿನ ಹಿಂಬದಿಯಲ್ಲಿ ಕಪ್ಪು ಬೂಸ್ಟು. ಒಂದೇ ರಾತ್ರಿ ನುಗ್ಗಿದ ನೀರು ಎಲ್ಲ ಸಾಮಾನಿನ ಮೇಲೂ ಒಂದೇ ಎತ್ತರದಲ್ಲಿ ಗೆರೆ ಬಿಟ್ಟಿರುತ್ತದೆ. ಒಂದೇ ರಾತ್ರಿಯಲ್ಲಿ ಉಪ್ಪು ಕಟ್ಟುವುದಿಲ್ಲ.

ನಲ್ಲಿಅಣ್ಣ

ಪೈಪ್ ತುಂಡೂ ಮಾತಾಡುತ್ತೆ. ಕಬ್ಬಿಣದ ಪೈಪ್ ಒಳಗಿಂದ ತುಕ್ಕು ತಿಂದು ಗೋಡೆ ತೆಳ್ಳಗಾಗಿ ತೂತು ಬಿದ್ದಿದ್ದರೆ ತೂತಿನ ಸುತ್ತ ಕಂದು ಪದರ ಇರುತ್ತೆ. ಹೊಸದಾಗಿ ಸೀಳಿದ್ದಾದರೆ ಅಂಚು ಸ್ವಚ್ಛ. ಪ್ಲಾಸ್ಟಿಕ್ ಜೋಡಣೆ ಬಿಟ್ಟಿದ್ದರೆ ಅಂಟು ಎಲ್ಲಿಯವರೆಗೆ ಹಿಡಿದಿತ್ತು ಅಂತ ಕಾಣುತ್ತೆ. ಅದಕ್ಕೇ ಆ ತುಂಡನ್ನು ಎಸೆಯಬಾರದು. ಕವರಿನಲ್ಲಿ ಹಾಕಿ, ದಿನಾಂಕ ಬರೆದು ಇಡಬೇಕು. ಪ್ಲಂಬರ್ ಮೊದಲು ಮಾಡುವ ಕೆಲಸವೇ ಹಳೆ ತುಂಡನ್ನು ಜೋಳಿಗೆಗೆ ಹಾಕಿಕೊಂಡು ಹೋಗುವುದು, ಅವನನ್ನು ತಡೆಯಿರಿ.

ಗಾಳಿಮಾತು

ಸುಳ್ಳು ಹೇಳಿ ಅಂತ ನಾನು ಹೇಳಿದ್ದಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ ಅಂತ ಹೇಳಿದ್ದು.

ಕಡತಧೂಳು

ಅದನ್ನೇ ಹೇಳಿದ್ದರೆ ಯಾರೂ ಜಗಳ ಆಡುತ್ತಿರಲಿಲ್ಲ. ಫಾರಂನಲ್ಲಿ ಕಂಡದ್ದನ್ನು ಬರೆಯಬೇಕು: "ಬೆಳಗ್ಗೆ 5 ಗಂಟೆಗೆ ಎದ್ದಾಗ ಅಡುಗೆಮನೆಯಲ್ಲಿ ಪಾದ ಮುಳುಗುವಷ್ಟು ನೀರಿತ್ತು, ಸಿಂಕಿನ ಕೆಳಗಿನ ಪೈಪಿನಿಂದ ಬರುತ್ತಿತ್ತು." ಯಾಕೆ ಒಡೆಯಿತು ಎಂಬ ತೀರ್ಪು ನಿಮ್ಮ ಕೆಲಸವಲ್ಲ. "ಬಹುಶಃ ಹಳೆಯ ಪೈಪ್ ಆಗಿದ್ದರಿಂದ ಇರಬೇಕು" ಎಂದು ಸೌಜನ್ಯಕ್ಕೆ ಬರೆದ ಒಂದು ಸಾಲಿಗೇ ಕಡತ ತಿಂಗಳು ಕೂರಬಹುದು. ಆದರೆ ಮೊದಲೇ ಸೋರುತ್ತಿದ್ದುದು ಗೊತ್ತಿದ್ದು, ಅದನ್ನೇ ನೇರವಾಗಿ ಕೇಳಿದಾಗ ಇಲ್ಲ ಎನ್ನುವುದು ಸುಳ್ಳು. ಗೆರೆ ಇರುವುದು ಅಲ್ಲಿ.

ಸಂಜೆಬಿಸಿಲು

ಒಂದು ಅನುಮಾನ. ಅಳತೆಪಟ್ಟಿಯವರ ಉದಾಹರಣೆಯಲ್ಲಿ ಸಿಂಕಿನ ಕೆಳಗಿನ ಕಪಾಟುಗಳ ಮಾತೇ ಇಲ್ಲ. ಪ್ಲೈವುಡ್ ಕಪಾಟು ಎಲ್ಲಕ್ಕಿಂತ ಮೊದಲು ಊದಿಕೊಳ್ಳುತ್ತದಲ್ಲ?

ಅಳತೆಪಟ್ಟಿ

ಬೇಕೆಂದೇ ಬಿಟ್ಟಿದ್ದೆ, ನೀವು ಹಿಡಿದಿರಿ. ಗೋಡೆಗೆ ಕೂಡಿಸಿದ ಕಪಾಟು ಹೆಚ್ಚಿನ ಪಾಲಿಸಿಗಳಲ್ಲಿ ಕಟ್ಟಡದ ಭಾಗ, ಸಾಮಾನಲ್ಲ. ಮನೆಯನ್ನು ತಲೆಕೆಳಗು ಮಾಡಿ ಅಲುಗಾಡಿಸಿದರೆ ಏನು ಬೀಳುತ್ತದೋ ಅದು ಸಾಮಾನು, ಅಂಟಿಕೊಂಡು ಉಳಿದದ್ದು ಕಟ್ಟಡ ಎಂಬ ಹಳೆಯ ಒರಟು ಲೆಕ್ಕ ಇದೆ. ಸಾಮಾನಿಗಷ್ಟೇ ವಿಮೆ ಮಾಡಿಸಿದವರಿಗೆ ಆ ಕಪಾಟಿಗೆ ಏನೂ ಬರುವುದಿಲ್ಲ. ಪೈಪ್ ಒಡೆದಾಗ ಬರುವ ಅತಿ ದೊಡ್ಡ ಬಿಲ್ಲು ಬಹಳ ಸಲ ಅದೇ.

ಬಾಡಿಗೆಮನೆ

ಬಾಡಿಗೆದಾರರೇ ಮಾಡಿಸಿದ ಕಪಾಟಾದರೆ?

ಅಳತೆಪಟ್ಟಿ

ಅದಕ್ಕೆ ಒಂದೇ ಉತ್ತರ ಇಲ್ಲ. ಕೆಲವು ಪಾಲಿಸಿಗಳು ಬಾಡಿಗೆದಾರ ಖರ್ಚುಮಾಡಿ ಕೂಡಿಸಿದ್ದನ್ನು ಸಾಮಾನಿನಲ್ಲೇ ಸೇರಿಸುತ್ತವೆ, ಕೆಲವು ಸುಮ್ಮನಿರುತ್ತವೆ. ಸುಮ್ಮನಿದ್ದರೆ ಪಾಲಿಸಿ ಶುರುವಾಗುವ ಮುಂಚೆಯೇ ಕಂಪನಿಗೆ ಬರೆದು ಕೇಳಿ, ಪಾಲಿಸಿಗೆ ಬದಲಾವಣೆ ಸೇರಿಸುವ ಎಂಡಾರ್ಸ್‌ಮೆಂಟ್ ಹಾಕಿಸಿಕೊಳ್ಳಬೇಕು. ನಷ್ಟ ಆದ ಮೇಲೆ ಕೇಳಿದರೆ ಉತ್ತರ ಏನು ಬರುತ್ತದೆ ಎಂದು ನಾನು ಹೇಳಬೇಕಿಲ್ಲ.

ಹೊಸಹಾಳೆ

ಇನ್ನು "ನನಗೊಂದು ಫೋನ್ ಮಾಡಿ" ಅನ್ನುವುದರಲ್ಲಿ ಏನು ತಪ್ಪು? ಗ್ರಾಹಕರಿಗೆ ಬೇಕಾಗಿರುವುದೇ ಅದು ಅಂದುಕೊಂಡಿದ್ದೆ.

ಕಡತಧೂಳು

ಗ್ರಾಹಕರಿಗೆ ಇಷ್ಟವಾಗುವುದು ಅದು, ಬೇಕಾಗಿರುವುದು ಬೇರೆ. ಪಾಲಿಸಿಯಲ್ಲಿ "ಕೂಡಲೇ ಕಂಪನಿಗೆ ತಿಳಿಸಬೇಕು" ಎಂದಿರುತ್ತದೆ. ಏಜೆಂಟರಿಗೆ ಹೇಳಿದ್ದು ಕಂಪನಿಗೆ ಹೇಳಿದಂತೆ ಆಗುತ್ತದೆಯೇ ಎನ್ನುವುದು ಆ ಏಜೆಂಟ್ ಯಾರ ಪರವಾಗಿ, ಯಾವ ಅಧಿಕಾರದಿಂದ ಕೆಲಸ ಮಾಡುತ್ತಾನೆ ಎಂಬುದರ ಮೇಲೆ ನಿಂತಿದೆ. ಆ ತಕರಾರು ಗ್ರಾಹಕರ ತಲೆಗೆ ಯಾಕೆ? ನೀವು ಊರಿಗೆ ಹೋಗಿರುತ್ತೀರಿ, ಫೋನ್ ಚಾರ್ಜ್ ಇರುವುದಿಲ್ಲ, ಮೂರು ದಿನ ಕಳೆಯುತ್ತದೆ, ಅಷ್ಟರಲ್ಲಿ ಒದ್ದೆ ಸೋಫಾ ಕೊಳೆತು ಗುಜರಿಗೆ ಹೋಗಿರುತ್ತದೆ. ಮೊದಲ ಕರೆ ಕಂಪನಿಯ ಕ್ಲೇಮ್ ವಿಭಾಗಕ್ಕೆ, ಅಲ್ಲಿಂದ ಕ್ಲೇಮ್ ಸಂಖ್ಯೆ ಕೇಳಿ ಬರೆದುಕೊಳ್ಳಬೇಕು, ಎರಡನೇ ಕರೆ ನಿಮಗೆ. ಪತ್ರದಲ್ಲಿ ಇದೇ ಕ್ರಮದಲ್ಲಿ ಎರಡು ನಂಬರ್ ಹಾಕಿ. ಕರೆ ಮಾಡಿದ ಮೇಲೆ ಅದೇ ವಿಷಯವನ್ನು ಒಂದು ಸಾಲಿನ ಇಮೇಲಿನಲ್ಲೂ ಕಳಿಸಲು ಹೇಳಿ, ಸಮಯಕ್ಕೆ ಸಾಕ್ಷಿ ಅದೇ.

ಕೆಂಪುಶಾಯಿ

ಒಪ್ಪಿದೆ, ಆದರೆ ನಿಜವಾದ ಮೊದಲ ಕೆಲಸ ಕರೆಯೂ ಅಲ್ಲ. ನೀರಿನ ಮುಖ್ಯ ವಾಲ್ವ್ ಮುಚ್ಚುವುದು, ಒದ್ದೆಯಾದ ಕಡೆಯ ಕರೆಂಟ್ ತೆಗೆಯುವುದು. ಹಾನಿ ಹೆಚ್ಚಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ ಎಂದು ಪಾಲಿಸಿಯಲ್ಲೇ ಇರುತ್ತದೆ. ಕಂಪನಿ ಫೋನ್ ಎತ್ತಲಿ ಎಂದು ಕಾಯುತ್ತ ನೀರು ಹರಿಯಲು ಬಿಟ್ಟರೆ ಆ ಹೆಚ್ಚಿನ ಹಾನಿ ಅವರ ತಲೆಗೆ ಬರುವುದಿಲ್ಲ.

ನಲ್ಲಿಅಣ್ಣ

ಮುಖ್ಯ ವಾಲ್ವ್ ಎಲ್ಲಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಪತ್ರದಲ್ಲಿ ಒಂದು ಖಾಲಿ ಜಾಗ ಬಿಡಿ: "ನಮ್ಮ ಮನೆಯ ಮುಖ್ಯ ವಾಲ್ವ್ ಇರುವ ಜಾಗ: ______". ಅವರೇ ತುಂಬಿಕೊಳ್ಳಲಿ. ವರ್ಷಗಟ್ಟಲೆ ತಿರುಗಿಸದ ವಾಲ್ವ್ ಕಚ್ಚಿಕೊಂಡಿರುತ್ತೆ, ತುಂಬುವ ನೆಪದಲ್ಲಿ ಒಂದು ಸಲ ತಿರುಗಿಸಿಯೂ ನೋಡಿದ ಹಾಗಾಗುತ್ತೆ.

ಮೌನಿ

ಈ ಎಳೆಯಲ್ಲಿ ಇದುವರೆಗಿನ ಅತ್ಯುತ್ತಮ ಸಲಹೆ.

ಸಂಜೆಬಿಸಿಲು

ನೀರು ನಿಂತ ಮೇಲೆ ಏನು? ಸರ್ವೇಯರ್ ಬರುವವರೆಗೆ ಒದ್ದೆ ಮನೆಯಲ್ಲಿ ಕೂತಿರಬೇಕಾ? ಪೈಪ್ ಸರಿಮಾಡದೆ ಅಡುಗೆಮನೆ ನಡೆಯುವುದು ಹೇಗೆ?

ಅಳತೆಪಟ್ಟಿ

ಕೂತಿರಬೇಕಿಲ್ಲ. ತಾತ್ಕಾಲಿಕ ಕೆಲಸ ಮಾಡಿಸಬಹುದು, ಮಾಡಿಸಲೇಬೇಕು. ಕಾಯಬೇಕಾದದ್ದು ಶಾಶ್ವತ ದುರಸ್ತಿಗೆ ಮತ್ತು ಹಾಳಾದ ವಸ್ತು ಎಸೆಯುವುದಕ್ಕೆ. ಯಾವುದನ್ನೂ ಅಲುಗಾಡಿಸುವ ಮೊದಲು ಫೋಟೋ ತೆಗೆಯಿರಿ. ಮೊದಲು ಬಾಗಿಲಲ್ಲಿ ನಿಂತು ಇಡೀ ಕೋಣೆ, ಆಮೇಲೆ ಪ್ರತಿ ವಸ್ತುವಿನ ಮೇಲಿನ ನೀರಿನ ಗೆರೆ, ಕೊನೆಗೆ ಫ್ರಿಜ್ ಮತ್ತು ಮೆಷಿನ್ ಹಿಂದಿರುವ ಮಾಡೆಲ್ ಸ್ಟಿಕ್ಕರ್. ಬಿಲ್ ಕಳೆದುಹೋಗಿದ್ದರೂ ಆ ಸ್ಟಿಕ್ಕರಿನಿಂದ ಮಾದರಿ ತಿಳಿಯುತ್ತದೆ, ಈಗಿನ ಬೆಲೆ ಹುಡುಕಬಹುದು. ಕಾರ್ಡಿನಲ್ಲಿ ಕೊಂಡಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೂಡ ಸಾಕ್ಷಿ. ನೀರು ತೆಗೆಸಿದ, ತಾತ್ಕಾಲಿಕವಾಗಿ ಪೈಪ್ ಮುಚ್ಚಿಸಿದ ಬಿಲ್ಲುಗಳು ಪ್ರತ್ಯೇಕವಾಗಿರಲಿ.

ಫ್ರಿಜ್ ಒದ್ದೆಯಾಗಿದೆ ಎಂದು ತಾವೇ ಚಾಲೂ ಮಾಡಿ ನೋಡುವುದು ಸಾಮಾನ್ಯ ತಪ್ಪು. ಒಣಗಿಸಿದ್ದರೆ ಉಳಿಯುತ್ತಿದ್ದ ಮೋಟಾರು ಆ ಪರೀಕ್ಷೆಯಲ್ಲೇ ಸುಡಬಹುದು, ಆಗ ಸುಟ್ಟದ್ದು ನೀರಿನಿಂದಲೋ ನಿಮ್ಮಿಂದಲೋ ಎಂಬ ಚರ್ಚೆ ಶುರು. ರಿಪೇರಿಯವರಿಂದ ನೋಡಿಸಿ, ದುರಸ್ತಿ ಆಗುತ್ತದೆಯೋ ಇಲ್ಲವೋ, ಆದರೆ ಎಷ್ಟು ಎಂದು ಬರೆಸಿಕೊಳ್ಳಿ. ದುರಸ್ತಿ ಆಗುವ ವಸ್ತುವಿಗೆ ಹೊಸದರ ಬೆಲೆ ಬರುವುದಿಲ್ಲ.

ದಾರಿಹೋಕ

ನನ್ನ ಬಂಪರ್ ಕೂಡ ದುರಸ್ತಿ ಆಗುತ್ತಿತ್ತು ಅಂತ ಈಗ ಹೇಳ್ತಿದ್ದಾರೆ...

ಕಡತಧೂಳು

ಸರ್, ದಯವಿಟ್ಟು.

ಸಂಜೆಬಿಸಿಲು

ಮೇಲಿನ ಲೆಕ್ಕದಲ್ಲಿ ಇನ್ನೊಂದು ತಕರಾರು. ಮೊದಲು ಆರು ಪಾಲು ಮಾಡಿ ಆಮೇಲೆ 10 ಸಾವಿರ ಕಳೆದಿರಿ, 80 ಸಾವಿರ ಬಂತು. ಮೊದಲೇ 10 ಸಾವಿರ ಕಳೆದು ಉಳಿದ 1 ಲಕ್ಷ 40 ಸಾವಿರಕ್ಕೆ ಆರು ಪಾಲು ಹಾಕಿದರೆ 84 ಸಾವಿರ. ಗ್ರಾಹಕರಿಗೆ 4 ಸಾವಿರ ಜಾಸ್ತಿ. ಯಾವುದು ಸರಿ?

ಅಳತೆಪಟ್ಟಿ

ನಾನು ಕಂಡ ಪಾಲಿಸಿಗಳಲ್ಲಿ ಹೆಚ್ಚಿನವು "ಆವರೇಜ್ ಸೇರಿದಂತೆ ಎಲ್ಲ ಷರತ್ತು ಅನ್ವಯಿಸಿದ ಮೇಲೆ ಉಳಿದ ಮೊತ್ತದಿಂದ" ಡಿಡಕ್ಟಿಬಲ್ ಕಳೆಯಬೇಕು ಎನ್ನುತ್ತವೆ. ಆಗ 80 ಸಾವಿರ.

ಕೆಂಪುಶಾಯಿ

ಹಾಗೆ ಬರೆದಿದ್ದರೆ ಸರಿ. ಬರೆದಿಲ್ಲದಿದ್ದರೆ? ಅಸ್ಪಷ್ಟ ವಾಕ್ಯವನ್ನು ಅದನ್ನು ಬರೆದವರ ವಿರುದ್ಧ ಓದಬೇಕು ಎನ್ನುವುದು ಒಪ್ಪಂದಗಳ ಹಳೆಯ ನಿಯಮ. ನಾನಾಗಿದ್ದರೆ 84 ಸಾವಿರ ಕೇಳುತ್ತೇನೆ.

ಅಳತೆಪಟ್ಟಿ

ಕೇಳಿ, ಕೇಳುವುದಕ್ಕೆ ಅಡ್ಡಿಯಿಲ್ಲ. ನಾನಂತೂ 80 ಎಂದೇ ವರದಿ ಬರೆಯುತ್ತೇನೆ.

ಕೆಂಪುಶಾಯಿ

ನಾನು ಆಕ್ಷೇಪಣೆ ಬರೆಯುತ್ತೇನೆ. ಹೊಸಹಾಳೆಯವರೇ, ಈ ಜಗಳ ಪತ್ರಕ್ಕೆ ಬೇಡ.

ಬಾಡಿಗೆಮನೆ

ಮನೆ ಖಾಲಿ ಬಿಡುವ ಷರತ್ತನ್ನು ಯಾರೂ ಎತ್ತಲಿಲ್ಲ. ಸತತ 30 ದಿನ ಯಾರೂ ವಾಸವಿಲ್ಲದಿದ್ದರೆ ಕಳವು ಮತ್ತು ನೀರಿನ ಹಾನಿಯ ರಕ್ಷಣೆ ನಿಲ್ಲುವ ಪಾಲಿಸಿಗಳಿವೆ, ಕೆಲವಲ್ಲಿ 60 ದಿನ. ಮಕ್ಕಳ ಮನೆಗೆ ಎರಡು ತಿಂಗಳು ಹೋಗಿಬರುವ ಹಿರಿಯರಿಗೆ ಇದು ನೇರ ತಟ್ಟುತ್ತೆ. ಹೊರಡುವ ಮೊದಲು ಕಂಪನಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ ಅನ್ನುವ ಒಂದು ಸಾಲು ಪತ್ರದಲ್ಲಿ ಇರಲಿ, ದಿನದ ಲೆಕ್ಕ ನಿಮ್ಮ ಪಾಲಿಸಿಯಲ್ಲಿರುವುದನ್ನೇ ಹಾಕಿ.

ಕಡತಧೂಳು

ಚಿನ್ನಕ್ಕೂ ಒಂದು ಸಾಲು ಬೇಕು. 6 ಲಕ್ಷದ ಒಳಗೇ ಆಭರಣಕ್ಕೆ ಪ್ರತ್ಯೇಕ ಮಿತಿ, ಒಂದೊಂದು ವಸ್ತುವಿಗೂ ಮಿತಿ ಇರುತ್ತದೆ. ಅದಕ್ಕಿಂತ ಬೆಲೆಬಾಳುವುದನ್ನು ಹೆಸರಿಸಿ ಪಟ್ಟಿಯಲ್ಲಿ ಸೇರಿಸದಿದ್ದರೆ ಮಿತಿಯಷ್ಟೇ ಬರುತ್ತದೆ.

ಹೊಸಹಾಳೆ

ಎಲ್ಲರ ಮಾತು ಸೇರಿಸಿ ಮತ್ತೆ ಬರೆದೆ. ಸ್ವಾಗತ ಒಂದೇ ಪದಕ್ಕೆ ಇಳಿದಿದೆ, ನೋಡಿ.

"ಮಾನ್ಯರೇ, ಸ್ವಾಗತ. ನಿಮ್ಮ ಪಾಲಿಸಿಯ ಷೆಡ್ಯೂಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮೊದಲು ಅದರಲ್ಲಿ ನಿಮ್ಮ ಹೆಸರು, ವಿಳಾಸ, ಪಾಲಿಸಿ ಶುರುವಾಗುವ ದಿನ ಸರಿ ಇವೆಯೇ ನೋಡಿ, ತಪ್ಪಿದ್ದರೆ ಈ ವಾರವೇ ತಿಳಿಸಿ.

ಇದು ಮನೆಯ ಸಾಮಾನಿಗೆ ಮಾತ್ರ ವಿಮೆ. ಗೋಡೆಗೆ ಕೂಡಿಸಿದ ಕಪಾಟು, ನೆಲ, ಪೈಪ್ ಇದರಲ್ಲಿ ಸೇರಿಲ್ಲ. ಹಾಳಾದ ವಸ್ತುವಿಗೆ ಹೊಸದರ ಬೆಲೆ ಸಿಗುತ್ತದೆ, ಆದ್ದರಿಂದ ಎಲ್ಲ ಸಾಮಾನನ್ನೂ ಇವತ್ತು ಹೊಸದಾಗಿ ಕೊಳ್ಳುವ ಮೊತ್ತಕ್ಕೆ ವಿಮೆ ಇರಬೇಕು. ನೀವು ಆಯ್ದದ್ದು 6 ಲಕ್ಷ. ನಿಜವಾದ ಮೊತ್ತ 10 ಲಕ್ಷ ಆಗಿದ್ದರೆ ಒಂದೂವರೆ ಲಕ್ಷದ ನಷ್ಟಕ್ಕೆ ನಿಮಗೆ ಸಿಗುವುದು ಸುಮಾರು 80 ಸಾವಿರ ಮಾತ್ರ. ಕೋಣೆ ಕೋಣೆ ಸುತ್ತಿ ಪಟ್ಟಿ ಮಾಡಿ ನೋಡಿ, ಕಡಿಮೆ ಅನ್ನಿಸಿದರೆ ಏರಿಸೋಣ.

ಇದ್ದಕ್ಕಿದ್ದಂತೆ ಪೈಪ್ ಒಡೆದು ಆದ ಹಾನಿಗೆ ರಕ್ಷಣೆ ಇದೆ, ನಿಧಾನವಾಗಿ ಸೋರಿ ಆದದ್ದಕ್ಕೆ ಇಲ್ಲ. ಮನೆ 30 ದಿನಕ್ಕಿಂತ ಹೆಚ್ಚು ಖಾಲಿ ಬಿಡುವುದಾದರೆ ಮೊದಲೇ ಕಂಪನಿಗೆ ಬರೆದು ತಿಳಿಸಿ.

ಹಾನಿಯಾದರೆ: ವಾಲ್ವ್ ಮುಚ್ಚಿ, ಕರೆಂಟ್ ತೆಗೆಯಿರಿ. ಏನನ್ನೂ ಸರಿಸುವ ಮೊದಲು ಫೋಟೋ ತೆಗೆಯಿರಿ. ಕಂಪನಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ, ಇಮೇಲ್ ಕಳಿಸಿ, ಆಮೇಲೆ ನನಗೆ ತಿಳಿಸಿ. ಒಡೆದ ತುಂಡು, ಹಾಳಾದ ವಸ್ತು ಯಾವುದನ್ನೂ ಎಸೆಯಬೇಡಿ. ಈ ಪತ್ರಕ್ಕೂ ಪಾಲಿಸಿಗೂ ವ್ಯತ್ಯಾಸ ಕಂಡರೆ ಪಾಲಿಸಿಯೇ ಅಂತಿಮ, ನನಗೆ ಕೂಡಲೇ ಹೇಳಿ.

ನಮ್ಮ ಮನೆಯ ಮುಖ್ಯ ವಾಲ್ವ್ ಇರುವ ಜಾಗ: ______"

ಕೆಂಪುಶಾಯಿ

ಈಗ ಇದು ಪತ್ರ. ಒಂದು ಕೊರತೆ: ಆ 80 ಸಾವಿರ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ, ಮೊದಲ 10 ಸಾವಿರ ಗ್ರಾಹಕರ ಪಾಲು ಎಂಬ ಹಳೆಯ ಸಾಲನ್ನೇ ಅಳಿಸಿಬಿಟ್ಟಿದ್ದೀರಿ. ಅದೊಂದು ನಿಮ್ಮ ಕರಡಿನಲ್ಲಿ ಸರಿಯಾಗಿತ್ತು!

ಹೊಸಹಾಳೆ

ಛೇ! ಸೇರಿಸುತ್ತೇನೆ. ಪಾಲಿಸಿ ಬೇಡವಾದರೆ ವಾಪಸ್ ಮಾಡುವ ಅವಧಿಯನ್ನೂ ಹಾಕಲಾ?

ಕಡತಧೂಳು

ಹಾಕಿ. ದಿನಗಳ ಎಣಿಕೆ ಯಾವತ್ತಿನಿಂದ ಶುರು ಎಂಬುದನ್ನೂ ಹಾಕಿ. ಪಾಲಿಸಿ ಕೈಸೇರಿದ ದಿನದಿಂದಲೋ, ಅದರ ಮೇಲೆ ಅಚ್ಚಾದ ತಾರೀಖಿನಿಂದಲೋ ಎನ್ನುವುದರಲ್ಲೇ ಜಗಳ ಬರುವುದು. ಈ ಪತ್ರದ ಒಂದು ಪ್ರತಿ ಫೋನಿನಲ್ಲೋ ನೆಂಟರ ಮನೆಯಲ್ಲೋ ಇರಲಿ ಎಂದೂ ಹೇಳಿ. ಬೀರು ಒದ್ದೆಯಾದರೆ ಪಾಲಿಸಿ ಪುಸ್ತಕವೂ ಅದರೊಳಗೇ ಇರುತ್ತದೆ.

ಗಾಳಿಮಾತು

ಕ್ಲೇಮ್ ಕೊನೆಯಲ್ಲಿ ಒಂದು ಕಾಗದಕ್ಕೆ ಸಹಿ ಕೇಳ್ತಾರಲ್ಲ, ಅದನ್ನು ಯಾರೂ ಹೇಳಲಿಲ್ಲ. "ಪೂರ್ಣ ಮತ್ತು ಅಂತಿಮ" ಅಂತ ಇರುತ್ತೆ. ಅದಕ್ಕೆ ಸಹಿ ಹಾಕಿದರೆ ಮುಗೀತು, ಆಮೇಲೆ 84 ಸಾವಿರ ಕೇಳಕ್ಕಾಗಲ್ಲ.

ಕೆಂಪುಶಾಯಿ

ಗಾಳಿಮಾತಿನವರು ಈ ಸಲ ಹತ್ತಿರ ಬಂದಿದ್ದಾರೆ. ಒತ್ತಾಯದಿಂದ ಸಹಿ ಹಾಕಿಸಿಕೊಂಡಿದ್ದರೆ ಪ್ರಶ್ನಿಸಬಹುದು, ಆದರೆ ಅದು ಉದ್ದದ ದಾರಿ. ಮೊತ್ತ ಒಪ್ಪಿಗೆ ಇಲ್ಲದಿದ್ದರೆ ಸಹಿಗೆ ಮೊದಲೇ ಲೆಕ್ಕದ ಹಾಳೆ ಕೇಳಬೇಕು, ತಕರಾರಿಲ್ಲದ ಮೊತ್ತವನ್ನು ಭಾಗಶಃ ಪಾವತಿಯಾಗಿ ಕೊಡಿ ಎಂದು ಬರೆಯಬೇಕು.

ಸಂಜೆಬಿಸಿಲು

ಕೊನೆಯದಾಗಿ, ಆ ಒಡೆದ ಪೈಪ್ ತುಂಡು, ಊದಿದ ಸೋಫಾ ಎಲ್ಲ ಎಷ್ಟು ದಿನ ಮನೆಯಲ್ಲಿ ಇಟ್ಟುಕೊಳ್ಳಬೇಕು? ವಾಸನೆ ಬರುತ್ತೆ.

ಅಳತೆಪಟ್ಟಿ

ಸೋಫಾ ಹೊರಗಿಡಬಹುದು, ಕೊಡುವುದು ಬೇಡ. ಸರ್ವೇಯರ್ ನೋಡಿದ ಮೇಲೆ "ಇದನ್ನು ವಿಲೇವಾರಿ ಮಾಡಬಹುದೇ" ಎಂದು ಇಮೇಲ್ ಮಾಡಿ, ಉತ್ತರ ಬಂದ ಮೇಲೆ ಕಳಿಸಿ. ಗುಜರಿ ಬೆಲೆಯನ್ನು ಕ್ಲೇಮಿನಿಂದ ಕಳೆಯುವುದಾದರೆ ಎಷ್ಟು ಎಂದು ಆಗಲೇ ಕೇಳಿಕೊಳ್ಳಿ. ಪೈಪ್ ತುಂಡು ಮಾತ್ರ ಹಣ ಖಾತೆಗೆ ಬಂದು ತಕರಾರೆಲ್ಲ ಮುಗಿಯುವವರೆಗೂ ಇರಲಿ, ಅದಕ್ಕೆ ವಾಸನೆ ಇಲ್ಲ.

ನಲ್ಲಿಅಣ್ಣ

ಸಿಂಕಿನ ಪೈಪಾದರೆ ಇರುತ್ತೆ. ತೊಳೆದು ಇಡಬೇಡಿ ಮತ್ತೆ, ತುಕ್ಕು ಪದರ ಹೋಗಿಬಿಡುತ್ತೆ.